ಪ್ರಾಜೆಕ್ಟ್ ಆಧಾರಿತ ಕಲಿಕೆ ಮತ್ತು ಮನೆಯ ಮೊದಲ ಪದವಿ ವಿದ್ಯಾರ್ಥಿಗಳು: ಪಿಎಚ್.ಡಿ.ಗೆ ಆಯ್ದುಕೊಳ್ಳಬಹುದಾದ ವಿಷಯಗಳು

ದಾವಣಗೆರೆ

ಈ ಸಾಲಿನ ಸಂಶೋಧನಾರ್ಥಿಗಳಿಗೆ,

ನಿಮ್ಮಲ್ಲಿ ಮೂವರು ತಂದ ಸಿನಾಪ್ಸಿಸ್‌ನಲ್ಲಿ ಒಂದೇ ಪ್ರಶ್ನೆ ಇದೆ: ಪ್ರಾಜೆಕ್ಟ್ ಮಾಡಿಸಿದರೆ, ಮನೆಯಿಂದ ಮೊದಲ ಸಲ ಪದವಿಗೆ ಬಂದ ಮೊದಲ ತಲೆಮಾರಿನ ಮಕ್ಕಳ ಅಂಕ ಹೆಚ್ಚುತ್ತದೆಯೇ? ಇಷ್ಟು ಸಾಲದು. ಪ್ರಾಜೆಕ್ಟ್ ಅಂಕ ನಾಲ್ವರ ಇಡೀ ಟೀಮಿಗೆ ಹೆಚ್ಚುಕಡಿಮೆ ಒಂದೇ ಬೀಳುತ್ತದೆ. ನಾಲ್ವರಲ್ಲಿ ಯಾರು ಏನು ಕಲಿತರೆಂದು ಅದು ಹೇಳುವುದಿಲ್ಲ.

ಹಾಗಾಗಿ ನನ್ನ ಮೊದಲ ವಿಷಯ, ಟೀಮಿನೊಳಗಿನ ಕೆಲಸ ಹಂಚಿಕೆ. ಕೆಲವು ವರ್ಷಗಳ ಹಿಂದೆ ಒಂದು ಟೀಮು ಮಂಡಕ್ಕಿ ಭಟ್ಟಿಯ ಮರಳಿನ ಕಾವು ಅಳೆಯುವ ಉಪಕರಣ ಮಾಡಿತ್ತು. ಭಟ್ಟಿಯಲ್ಲಿ ದುಡಿಯುವವರ ಮಗಳೊಬ್ಬಳು ಅದರಲ್ಲಿದ್ದಳು. ಮರಳು ಎಷ್ಟು ಕಾದಾಗ ಅಕ್ಕಿ ಸುರಿಯಬೇಕೆಂದು ಅಪ್ಪನನ್ನು ಕೇಳಿ ಬಂದವಳು ಅವಳು, ಥರ್ಮೋಕಪಲ್‌ಗೆ ತಂತಿ ಬೆಸೆದವಳೂ ಅವಳೇ. ವೈವಾದಲ್ಲಿ ಮಾತಾಡಿದ್ದು ಮಾತ್ರ ಇಂಗ್ಲಿಷ್ ಸರಾಗವಾಗಿ ಬರುವ ಹುಡುಗ. ಅವಳು ಫೈಲ್ ಹಿಡಿದು ಗೋಡೆ ಪಕ್ಕ ನಿಂತಿದ್ದಳು. ಪರೀಕ್ಷಕರಲ್ಲಿ ನಾನೂ ಇದ್ದೆ, ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ತಪ್ಪು ಇಂದಿಗೂ ಕಾಡುತ್ತದೆ. ವಾರವಾರದ ಕೆಲಸದ ಡೈರಿ, ಲ್ಯಾಬ್‌ನಲ್ಲಿ ಕೂತು ನೋಡಿದ್ದು, ಒಬ್ಬೊಬ್ಬರದೇ ಪರೀಕ್ಷೆ, ಈ ಮೂರನ್ನೂ ಜೋಡಿಸಿ ನೋಡಿ: ಮೊದಲ ತಲೆಮಾರಿನವರ ಪಾಲಿಗೆ ಯಾವ ಕೆಲಸ ಬರುತ್ತದೆ, ಅದರಿಂದ ಕಲಿಕೆ ಎಷ್ಟು?

ಇದಕ್ಕೆ ಅಂಟಿಕೊಂಡದ್ದೇ ಭಾಷೆ. ರಿವ್ಯೂಗಳಲ್ಲಿ ಅರ್ಧ ಟೀಮುಗಳಿಗೆ ಕನ್ನಡದಲ್ಲೂ ಉತ್ತರಿಸಲು ಬಿಟ್ಟರೆ ವಿಷಯಜ್ಞಾನದ ಅಳತೆ ಬದಲಾಗುತ್ತದೆಯೇ? ಯಾವ ಟೀಮಿಗೆ ಅವಕಾಶವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು.

ಇನ್ನೊಂದು ವಿಷಯ, ಸಮಯ. ಟೀಮು ಸೇರುವುದು ಸಂಜೆ ಆರಕ್ಕೆ ಹಾಸ್ಟೆಲ್‌ನಲ್ಲಿ. ಜಗಳೂರು ಕಡೆಯ ಹುಡುಗ ಅಷ್ಟೊತ್ತಿಗೆ ಬಸ್ಸಿನಲ್ಲಿರುತ್ತಾನೆ. ಊರಿಂದ ಓಡಾಡುವವರು, ಬಿಡುವಿನಲ್ಲಿ ದುಡಿಯುವವರು ಪ್ರಾಜೆಕ್ಟ್‌ನಿಂದ ಎಷ್ಟು ಹೊರಗುಳಿಯುತ್ತಾರೆ, ಅವರ ಬ್ಯಾಕ್‌ಲಾಗ್ ಏನಾಗುತ್ತದೆ ಎಂಬುದು ಒಂದು ಪೂರ್ಣ ಪ್ರಬಂಧಕ್ಕೆ ಸಾಕು. ಬಿಡಿಭಾಗಗಳ ಖರ್ಚು, ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವ ಅಭ್ಯಾಸವನ್ನೂ ಇದರಲ್ಲೇ ಸೇರಿಸಬಹುದು.

ಚಿತ್ರದುರ್ಗದ ಕಡೆಯವರಿಗೆ ಮತ್ತೊಂದು: ಬೋರ್‌ವೆಲ್, ಶೇಂಗಾ, ಮೊಳಕಾಲ್ಮೂರಿನ ಮಗ್ಗದಂಥ ಮನೆಯ ಸಮಸ್ಯೆಯನ್ನೇ ಪ್ರಾಜೆಕ್ಟ್ ಮಾಡಿಕೊಂಡವರಿಗೂ ಗೈಡ್ ಕೊಟ್ಟ ವಿಷಯ ಮಾಡಿದವರಿಗೂ ಆತ್ಮವಿಶ್ವಾಸದಲ್ಲಿ, ಕಾಲೇಜು ತಮ್ಮದೆನ್ನುವ ಭಾವದಲ್ಲಿ ಏನು ವ್ಯತ್ಯಾಸ? ಮನೆಯ ಅರಿವನ್ನೂ ಬಂಡವಾಳವೆಂದು ನೋಡುವ ಟಾರಾ ಯೊಸ್ಸೊ ಅವರ 2005ರ ಚೌಕಟ್ಟು ಇಲ್ಲಿ ನೆರವಾಗುತ್ತದೆ.

ಡೆನ್ಮಾರ್ಕ್‌ನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದಾಗಿನಿಂದ ಪ್ರಾಜೆಕ್ಟ್ ಮೂಲಕವೇ ಕಲಿಸುತ್ತಿದೆ. ನಮ್ಮಲ್ಲಿ ದೊಡ್ಡ ಪ್ರಾಜೆಕ್ಟ್ ಬರುವುದು ಕೊನೆಯ ವರ್ಷಕ್ಕೆ. ಅಲ್ಲಿಯ ತೀರ್ಮಾನಗಳನ್ನು ಹಾಗೇ ಎತ್ತಿಕೊಳ್ಳಬೇಡಿ.

‘ಮೊದಲ ತಲೆಮಾರು’ ಎಂದರೆ ಅಪ್ಪ ಅಮ್ಮ ಇಬ್ಬರೂ ಪದವಿ ಮುಗಿಸದವರು ಎಂದೇ ಹಿಡಿಯಿರಿ. ಅಣ್ಣ ಅಕ್ಕ ಓದಿದ್ದರೆ ಬೇರೆ ಕಾಲಂನಲ್ಲಿ ಬರೆಯಿರಿ. ಪಿಯುಸಿ ಅಂಕ, ಮಾಧ್ಯಮ, ಡಿಪ್ಲೊಮಾದಿಂದ ಬಂದವರೇ ಎಂಬುದೂ ಬೇಕು. ವಿದ್ಯಾರ್ಥಿಗಳು ಟೀಮಿನೊಳಗೆ ಇರುವುದರಿಂದ ಬಹುಸ್ತರ ವಿಶ್ಲೇಷಣೆ ಮಾಡಬೇಕಾಗುತ್ತದೆ.

ಶನಿವಾರ ಬರುವಾಗ ವಿಷಯದ ಜೊತೆಗೆ, ಒಂದು ಟೀಮಿನ ಜೊತೆ ಎರಡು ಗಂಟೆ ಕೂತು ಬರೆದ ಟಿಪ್ಪಣಿಯನ್ನೂ ತನ್ನಿ.