ಬೀಗದ ಷರಾ ಬರೆದು ವಾಪಸ್ ಬಂದ ನೋಟಿಸ್: 15 ದಿನ ಯಾವಾಗಿನಿಂದ ಎಣಿಸಬೇಕು?

ಇವರಿಗೆ: ಸೀನಿಯರ್ ವಕೀಲರು, ದಾವಣಗೆರೆ ಕಚೇರಿ
ಇವರಿಂದ: ಇಂಟರ್ನ್, ನಾಲ್ಕನೇ ವರ್ಷದ ಎಲ್‌ಎಲ್‌ಬಿ ವಿದ್ಯಾರ್ಥಿನಿ
ದಿನಾಂಕ: 4 ಮಾರ್ಚ್ 2025
ವಿಷಯ: ಮೆಕ್ಕೆಜೋಳ ವ್ಯಾಪಾರಿಯವರ ಚೆಕ್ ಬೌನ್ಸ್ ಪ್ರಕರಣ, ₹3,40,000

ಪ್ರಶ್ನೆ

ನಾವು ನೋಂದಾಯಿತ ಅಂಚೆಯಲ್ಲಿ ಕಳಿಸಿದ ಡಿಮ್ಯಾಂಡ್ ನೋಟಿಸ್ "ಬೀಗ" ಎಂಬ ಷರಾದೊಂದಿಗೆ ವಾಪಸ್ ಬಂದಿದೆ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕಾರ ಅದು ತಲುಪಿದಂತೆ ಆಗುತ್ತದೆಯೇ? ಆಗುವುದಾದರೆ ಹಣ ಕೊಡಲು ಇರುವ 15 ದಿನ ಯಾವ ದಿನದಿಂದ ಶುರು?

ಉತ್ತರ

ಆಗುತ್ತದೆ, ವಿಳಾಸ ಸರಿ ಇದ್ದರೆ. ಎಣಿಕೆ ಶುರುವಾಗುವ ದಿನದ ಬಗ್ಗೆ ಮೂರು ರೀತಿ ವಾದ ಮಾಡಬಹುದು. ಮೂರಕ್ಕೂ ಹೊಂದುವಂತೆ ದೂರು ಹಾಕಲು ನಮಗೆ ಮಾರ್ಚ್ 15ರವರೆಗೆ ಮಾತ್ರ ಸಮಯ ಇದೆ. ಮಾರ್ಚ್ 12ರ ಬುಧವಾರ ಹಾಕಿಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಮನೆ ನಂಬರಿನ ಒಂದು ತೊಡಕು ಬಗೆಹರಿಯಬೇಕು.

ಸಂಗತಿಗಳು

ಚೆಕ್ಕಿನ ದಿನಾಂಕ 6 ಜನವರಿ 2025. ಸಾಕಷ್ಟು ಹಣವಿಲ್ಲ ಎಂಬ ಬ್ಯಾಂಕಿನ ಮೆಮೊ ನಮ್ಮ ಕಕ್ಷಿದಾರರ ಕೈಗೆ ಬಂದದ್ದು ಜನವರಿ 15ಕ್ಕೆ. ನಾವು ನೋಟಿಸ್ ಅಂಚೆಗೆ ಹಾಕಿದ್ದು ಜನವರಿ 29ಕ್ಕೆ. 30 ದಿನದ ಒಳಗೇ ಇದ್ದೇವೆ, ಅಲ್ಲಿ ಚಿಂತೆ ಇಲ್ಲ. ಹರಿಹರದಲ್ಲಿರುವ ಆರೋಪಿಯ ಮನೆಗೆ ಪೋಸ್ಟ್‌ಮ್ಯಾನ್ ಮೂರು ಸಲ ಹೋಗಿದ್ದಾರೆ. ಕವರಿನ ಹಿಂದೆ ನೀಲಿ ಬಾಲ್‌ಪೆನ್ನಿನಲ್ಲಿ "31/1 ಬೀಗ, 1/2 ಬೀಗ, 3/2 ಬೀಗ, ಸೂಚನೆ ಕೊಟ್ಟಿದೆ" ಎಂದು ಬರೆದು ಸಹಿ ಮಾಡಿದ್ದಾರೆ. ಕವರ್ ನಮ್ಮ ಕಚೇರಿಗೆ ವಾಪಸ್ ಬಂದದ್ದು ಫೆಬ್ರವರಿ 13ಕ್ಕೆ. ಇದಲ್ಲದೆ ಕಕ್ಷಿದಾರರು ಜನವರಿ 30ರಂದು ಅದೇ ನೋಟಿಸಿನ ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅವತ್ತೇ ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ.

ಕಾನೂನು

ತೊಡಕು ಇರುವುದು ಕಲಂ 138ರ ಮಾತಿನಲ್ಲೇ. ಪರಂತುಕದ (ಬಿ) ಖಂಡ ನೋಟಿಸ್ "ಕೊಡುವ" ಬಗ್ಗೆ ಹೇಳುತ್ತದೆ. (ಸಿ) ಖಂಡ ನೋಟಿಸ್ "ತಲುಪಿದ" ಮೇಲಿನ 15 ದಿನದ ಬಗ್ಗೆ ಹೇಳುತ್ತದೆ. ಕೊಡುವುದು ನಮ್ಮ ಕೈಯಲ್ಲಿದೆ, ತಲುಪುವುದು ಎದುರಿನವರ ಬಾಗಿಲಲ್ಲಿದೆ. ಬಾಗಿಲು ಹಾಕಿಕೊಂಡು ಕೂತವನಿಗೆ ಲಾಭ ಆಗಬಾರದು ಎಂದು ಸುಪ್ರೀಂ ಕೋರ್ಟ್ ಮೊದಲಿಗೆ ವಿವರವಾಗಿ ಹೇಳಿದ್ದು ಕೆ. ಭಾಸ್ಕರನ್ ವಿರುದ್ಧ ಶಂಕರನ್ ವೈದ್ಯನ್ ಬಾಲನ್, (1999) 7 ಎಸ್‌ಸಿಸಿ 510 ತೀರ್ಪಿನಲ್ಲಿ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಹೋದ ನೋಟಿಸಿಗೆ ಜನರಲ್ ಕ್ಲಾಸಸ್ ಕಾಯ್ದೆಯ ಕಲಂ 27ರ ತತ್ವವನ್ನು ಅನ್ವಯಿಸಬಹುದು; ತಲುಪಿಲ್ಲ, ಅದಕ್ಕೆ ತಾನು ಕಾರಣನೂ ಅಲ್ಲ ಎಂದು ಆರೋಪಿಯೇ ತೋರಿಸಬೇಕು ಎಂದಿತು.

ನಮ್ಮ ಷರಾಕ್ಕೆ ತೀರಾ ಹತ್ತಿರದ್ದು ವಿ. ರಾಜಕುಮಾರಿ ವಿರುದ್ಧ ಪಿ. ಸುಬ್ಬರಾಮ ನಾಯ್ಡು, (2004) 8 ಎಸ್‌ಸಿಸಿ 774. ಅಲ್ಲೂ ಬೀಗ ಹಾಕಿದ ಮನೆಯಿಂದಲೇ ನೋಟಿಸ್ ವಾಪಸ್ ಬಂದಿತ್ತು. ಕರ್ನಾಟಕದಿಂದ ಹೋದ ಡಿ. ವಿನೋದ್ ಶಿವಪ್ಪ ವಿರುದ್ಧ ನಂದಾ ಬೆಳ್ಳಿಯಪ್ಪ, (2006) 6 ಎಸ್‌ಸಿಸಿ 456 ಪ್ರಕರಣದಲ್ಲಿ, ಇದು ಸಾಕ್ಷ್ಯದ ವಿಷಯ, ಆರಂಭದಲ್ಲೇ ದೂರನ್ನು ಹೊಡೆದುಹಾಕುವಂತಿಲ್ಲ ಎಂದರು.

ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠ ಸಿ.ಸಿ. ಅಲವಿ ಹಾಜಿ ವಿರುದ್ಧ ಪಳಪೆಟ್ಟಿ ಮುಹಮ್ಮದ್, (2007) 6 ಎಸ್‌ಸಿಸಿ 555 ರಲ್ಲಿ ವಿಷಯವನ್ನು ಇತ್ಯರ್ಥ ಮಾಡಿತು. ಆರೋಪಿ ಬೇಕಂತಲೇ ತಪ್ಪಿಸಿಕೊಂಡ ಎಂದು ದೂರಿನಲ್ಲಿ ಬರೆಯಲೇಬೇಕೆಂದಿಲ್ಲ. ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದೇವೆ ಎಂಬುದು ಇದ್ದರೆ ಸಾಕು. ನನಗೆ ನಿಜವಾಗಿ ಹಿಡಿಸಿದ್ದು ಅದರ ಮುಂದಿನ ಮಾತು: ನೋಟಿಸ್ ಸಿಕ್ಕಿಲ್ಲ ಎನ್ನುವವನು ಸಮನ್ಸ್ ತಲುಪಿದ 15 ದಿನದಲ್ಲಿ ಚೆಕ್ಕಿನ ಹಣ ಕಟ್ಟಿ, ದೂರು ವಜಾ ಮಾಡಿ ಎಂದು ಕೇಳಬಹುದು, ಕಟ್ಟದವನು ಆಮೇಲೆ ನೋಟಿಸ್ ಬಂದಿಲ್ಲ ಎಂದು ತಕರಾರು ಮಾಡುವಂತಿಲ್ಲ. ಪ್ರಾಮಾಣಿಕವಾಗಿ ಊರಲ್ಲಿ ಇರದವನಿಗೂ ಇಲ್ಲಿ ದಾರಿ ಇದೆ.

ಎದುರಿನ ವಕೀಲರು "ಭಾಸ್ಕರನ್ ರದ್ದಾಗಿದೆ" ಎನ್ನಬಹುದು. ದಶರಥ್ ರೂಪ್‌ಸಿಂಗ್ ರಾಠೋಡ್, (2014) 9 ಎಸ್‌ಸಿಸಿ 129 ತೆಗೆದುಹಾಕಿದ್ದು ಯಾವ ಊರಿನ ಕೋರ್ಟು ಎಂಬ ಭಾಗವನ್ನು ಮಾತ್ರ. ನೋಟಿಸಿನ ಭಾಗಕ್ಕೆ ಅದರಿಂದ ಏಟು ಬಿದ್ದಿಲ್ಲ. ಹಾಗೆಯೇ, ಅಲವಿ ಹಾಜಿ ತೀರ್ಪು ಎವಿಡೆನ್ಸ್ ಆಕ್ಟ್ ಕಲಂ 114 ಎನ್ನುತ್ತದೆ. 2024ರ ಜುಲೈ 1ರ ನಂತರದ ನಮ್ಮ ದೂರಿನಲ್ಲಿ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 119 ಬರೆಯಬೇಕು.

ದಿನಗಳ ಎಣಿಕೆ

ಭಾಸ್ಕರನ್ ಪ್ರಕಾರ ಕವರ್ ವಾಪಸಾದ ದಿನವೇ ಆರಂಭ. ಫೆಬ್ರವರಿ 13 ಬಿಟ್ಟು ಎಣಿಸಿದರೆ 28ಕ್ಕೆ 15 ದಿನ ಮುಗಿಯುತ್ತದೆ. ಮಾರ್ಚ್ 1ಕ್ಕೆ ದೂರಿನ ಕಾರಣ ಹುಟ್ಟುತ್ತದೆ. ಒಂದು ತಿಂಗಳ ಎಣಿಕೆಯಲ್ಲಿ ಆ ದಿನವನ್ನೂ ಬಿಡಬೇಕು ಎಂದು ಸಾಕೇತ್ ಇಂಡಿಯಾ, (1999) 3 ಎಸ್‌ಸಿಸಿ 1 ಹೇಳಿದ್ದರಿಂದ, ಕೊನೆಯ ದಿನ ಏಪ್ರಿಲ್ 1.

ಆದರೆ ಕಲಂ 27ರ ಮಾತನ್ನೇ ಹಿಡಿದರೆ, ಅಂಚೆಯ ಸಾಮಾನ್ಯ ಕ್ರಮದಲ್ಲಿ ಎಂದು ತಲುಪಬೇಕಿತ್ತೋ ಅಂದೇ ತಲುಪಿದಂತೆ. ಪೋಸ್ಟ್‌ಮ್ಯಾನ್ ಮೊದಲು ಹೋದದ್ದು ಜನವರಿ 31ಕ್ಕೆ. ಆಗ ಕೊನೆಯ ದಿನ ಮಾರ್ಚ್ 16. ಅದು ಭಾನುವಾರ ಆದ್ದರಿಂದ 17. ಇನ್ನು ವಾಟ್ಸಾಪ್. ಕಲಂ 138 ನೋಟಿಸ್ ಬರಹದಲ್ಲಿರಬೇಕು ಎನ್ನುತ್ತದೆಯೇ ಹೊರತು ಅಂಚೆಯಲ್ಲೇ ಹೋಗಬೇಕು ಎನ್ನುವುದಿಲ್ಲ. ನೀಲಿ ಟಿಕ್ ನಮಗೆ ಬಲ, ಆದರೆ ಅದೇ ಎಣಿಕೆಯನ್ನು ಜನವರಿ 30ಕ್ಕೆ ಎಳೆಯುತ್ತದೆ. ಆಗ ಮಾರ್ಚ್ 15 ಕೊನೆ.

ಏಪ್ರಿಲ್ 1ರವರೆಗೆ ಸಮಯ ಇದೆ ಎಂದು ನಂಬಿ ಕೂರುವುದು ಬೇಡ ಸರ್. ಕಲಂ 142ರ ಪರಂತುಕದಲ್ಲಿ ವಿಳಂಬ ಮನ್ನಾ ಇದೆ ನಿಜ, ಆದರೆ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ತೀರಾ ಮುಂಚೆ ಹಾಕಿದರೂ ಕಷ್ಟ ಎಂದು ಯೋಗೇಂದ್ರ ಪ್ರತಾಪ್ ಸಿಂಗ್, (2014) 10 ಎಸ್‌ಸಿಸಿ 713 ಹೇಳುತ್ತದೆ. ಮಾರ್ಚ್ 1 ದಾಟಿರುವುದರಿಂದ ಆ ಭಯ ಈಗ ಯಾವ ಲೆಕ್ಕದಲ್ಲೂ ಇಲ್ಲ.

ನಮ್ಮ ದುರ್ಬಲ ಜಾಗ

ಎಲ್ಲ ತೀರ್ಪುಗಳೂ "ಸರಿಯಾದ ವಿಳಾಸ" ಎಂಬ ಮಾತಿನ ಮೇಲೆ ನಿಂತಿವೆ. ಕಕ್ಷಿದಾರರ ಬಿಲ್ಲಿನಲ್ಲಿ ಆರೋಪಿಯ ಮನೆ ನಂಬರ್ 118/2. ನಮ್ಮ ಕವರಿನ ಮೇಲೆ ಇರುವುದು ಬರೀ 118. ಪೋಸ್ಟ್‌ಮ್ಯಾನ್ "ಇಂಥವರು ಇಲ್ಲ" ಎಂದು ಬರೆದಿಲ್ಲ, ಬೀಗ ಎಂದಿದ್ದಾರೆ. ಹಾಗಾಗಿ ಮನೆ ಗುರುತು ಸಿಕ್ಕಿದೆ ಎಂದು ವಾದಿಸಬಹುದು. ಆದರೆ ಪಕ್ಕದ ಮನೆಯ ಬೀಗವೇ ಅದಾಗಿದ್ದರೆ ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆಗೆ ನಮ್ಮ ಊಹೆ ಬಿದ್ದುಹೋಗುತ್ತದೆ. ಕಕ್ಷಿದಾರರನ್ನು ಫೋನಿನಲ್ಲಿ ಕೇಳಿದೆ. "ಆ ಓಣಿಯಲ್ಲಿ 118 ಅಂದ್ರೆ ಅವ್ರ ಮನೆನೇ ಮೇಡಂ" ಅಂದರು. ಅಷ್ಟು ಸಾಲದು. ನಮ್ಮ ಗುಮಾಸ್ತರು ಒಮ್ಮೆ ಹರಿಹರಕ್ಕೆ ಹೋಗಿ ನೋಡಿ ಬರಲಿ.

ಮನೆ ಬೇರೆಯೇ ಎಂದಾದರೆ ಹಳೆಯ ಮೆಮೊ ಮೇಲೆ ಹೊಸ ನೋಟಿಸ್ ಕೊಡಲು ಆಗದು, ಆ 30 ದಿನ ಫೆಬ್ರವರಿ 14ಕ್ಕೇ ಮುಗಿದಿದೆ. ಆಗ ಉಳಿಯುವುದು ವಾಟ್ಸಾಪ್ ನೋಟಿಸ್ ಒಂದೇ. ಅದನ್ನೇ ನಂಬುವ ಬದಲು ಚೆಕ್ಕನ್ನು ಮಾರ್ಚ್ ತಿಂಗಳಲ್ಲೇ ಮತ್ತೆ ಬ್ಯಾಂಕಿಗೆ ಹಾಕುವುದು ಕ್ಷೇಮ. ಮೂರು ತಿಂಗಳ ಅವಧಿ ಇನ್ನೂ ಇದೆ. ಎರಡನೇ ಸಲ ಬೌನ್ಸ್ ಆದದ್ದರ ಮೇಲೂ ಕೇಸು ನಡೆಯುತ್ತದೆ ಎಂದು ಎಂಎಸ್‌ಆರ್ ಲೆದರ್ಸ್, (2013) 1 ಎಸ್‌ಸಿಸಿ 177 ರಲ್ಲಿ ಮೂವರ ಪೀಠ ಹೇಳಿದೆ.

ದೂರಿಗೆ ಸೇರಿಸಬಹುದಾದ ಪ್ಯಾರಾ (ಮನೆ ಅದೇ ಎಂದು ಖಾತ್ರಿಯಾದ ಮೇಲೆ)

"ಫಿರ್ಯಾದಿಯು ದಿನಾಂಕ 29-01-2025ರಂದು ಆರೋಪಿಯು ವಾಸವಿರುವ ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯ ಮೂಲಕ ಡಿಮ್ಯಾಂಡ್ ನೋಟಿಸ್ ಕಳುಹಿಸಿದ್ದು, ಅದು ಬೀಗ ಹಾಕಿದೆ ಎಂಬ ಷರಾದೊಂದಿಗೆ ದಿನಾಂಕ 13-02-2025ರಂದು ವಾಪಸಾಗಿರುತ್ತದೆ. ಅದೇ ನೋಟಿಸನ್ನು ದಿನಾಂಕ 30-01-2025ರಂದು ಆರೋಪಿಯ ಮೊಬೈಲಿಗೆ ವಾಟ್ಸಾಪ್ ಮೂಲಕವೂ ಕಳುಹಿಸಿದ್ದು, ಆರೋಪಿಯು ಅದನ್ನು ನೋಡಿರುತ್ತಾನೆ. ಈವರೆಗೂ ಹಣ ಪಾವತಿಸಿರುವುದಿಲ್ಲ."

ವಾಟ್ಸಾಪ್ ಪ್ರಿಂಟಿಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ವಾಪಸ್ ಬಂದ ಕವರನ್ನು ಕಕ್ಷಿದಾರರು ಮೊನ್ನೆ ಒಡೆಯಲು ಹೊರಟಿದ್ದರು, ತಡೆದೆ. ಅಂಟು ಹಾಗೇ ಇದೆ. ಅಂಚೆ ರಸೀದಿಯ ಜೊತೆ ಫೈಲಿನ ಒಳಜೇಬಿನಲ್ಲಿ ಇಟ್ಟಿದ್ದೇನೆ.