ಪ್ರತಿವಾದಿಯು ಅವಲಂಬಿಸಿದ ತೀರ್ಪುಗಳ ಪಟ್ಟಿ

ಮೂಲ ದಾವೆ ಸಂಖ್ಯೆ 412/2019, ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಮಂಡ್ಯ
(46 ಪುಟಗಳ ಲಿಖಿತ ವಾದದ ಜೊತೆ)

ದಾವೆಯು 14.06.2016ರ ಕ್ರಯದ ಕರಾರಿನ ನಿರ್ದಿಷ್ಟ ಪಾಲನೆಗಾಗಿ. ಕ್ರಯ 38 ಲಕ್ಷ ರೂ., ಮುಂಗಡ 5 ಲಕ್ಷ, ಅವಧಿ ಮೂರು ತಿಂಗಳು. ತೀರ್ಪುಗಳನ್ನು ವಿವಾದಾಂಶದ ಕ್ರಮದಲ್ಲಿ ಕೊಟ್ಟಿದೆ. ★ ಗುರುತಿನ ಮೂರನ್ನು ಮೊದಲು ಪರಿಶೀಲಿಸಬೇಕಾಗಿ ಕೋರಿಕೆ.

| ತೀರ್ಪು | ಲಿಖಿತ ವಾದದಲ್ಲಿ | ಸಮರ್ಥಿಸುವ ಅಂಶ |
|---|---|---|
| ವಿವಾದಾಂಶ 1: ಸಿದ್ಧತೆ ಮತ್ತು ಇಚ್ಛೆ | | |
| ★ ಎನ್.ಪಿ. ತಿರುಜ್ಞಾನಂ ವಿರುದ್ಧ ಡಾ. ಆರ್. ಜಗನ್ ಮೋಹನ್ ರಾವ್, (1995) 5 ಎಸ್‌ಸಿಸಿ 115, ಕಂಡಿಕೆ 5 | ಪುಟ 9, 12, 17 | ಕರಾರಿನ ದಿನದಿಂದಲೂ ಎಡೆಬಿಡದೆ ಸಿದ್ಧನಿದ್ದುದನ್ನು ವಾದಿಯೇ ರುಜುವಾತುಪಡಿಸಬೇಕು. ಹಣದ ಲಭ್ಯತೆಯೂ ಅದರಲ್ಲಿ ಸೇರಿದೆ. ಬಾಕಿ 33 ಲಕ್ಷಕ್ಕೆ ಬ್ಯಾಂಕಿನ ಒಂದು ದಾಖಲೆಯನ್ನೂ ವಾದಿ ಹಾಜರುಪಡಿಸಿಲ್ಲ. |
| ★ ಮಾನ್ ಕೌರ್ ವಿರುದ್ಧ ಹರ್ತಾರ್ ಸಿಂಗ್ ಸಂಘಾ, (2010) 10 ಎಸ್‌ಸಿಸಿ 512, ಕಂಡಿಕೆ 18 | ಪುಟ 19–24 | ವಾದಿಯ ಮನಸ್ಸಿನಲ್ಲಿದ್ದ ಇಚ್ಛೆಯನ್ನು ಅಧಿಕಾರ ಪತ್ರಧಾರಿ ಸಾಕ್ಷಿ ಹೇಳಿ ಸಾಬೀತು ಮಾಡಲಾಗದು. ಇಡೀ ವ್ಯವಹಾರವನ್ನು ಅವನೇ ನಡೆಸಿದ್ದರೆ ವಿನಾಯಿತಿ ಇದೆ, ಆದರೆ ವಾ.ಸಾ.1ಕ್ಕೆ ಅಧಿಕಾರ ಪತ್ರ ಬಂದದ್ದೇ 2018ರಲ್ಲಿ, ಕರಾರಿನ ಮಾತುಕತೆಯಲ್ಲಿ ತಾನಿರಲಿಲ್ಲವೆಂದು ಪಾಟೀ ಸವಾಲಿನಲ್ಲಿ ಒಪ್ಪಿದ್ದಾನೆ. |
| ಜಾನಕಿ ವಾಶ್‌ದೇವ್ ಭೋಜ್ವಾನಿ ವಿರುದ್ಧ ಇಂಡಸ್‌ಇಂಡ್ ಬ್ಯಾಂಕ್, (2005) 2 ಎಸ್‌ಸಿಸಿ 217 | ಪುಟ 21 | ಮೇಲಿನ ತತ್ವವೇ. |
| ವಿದ್ಯಾಧರ್ ವಿರುದ್ಧ ಮಾಣಿಕರಾವ್, (1999) 3 ಎಸ್‌ಸಿಸಿ 573, ಕಂಡಿಕೆ 17 | ಪುಟ 25 | ಸಾಕ್ಷಿ ಕಟ್ಟೆಗೆ ಬಾರದ ಪಕ್ಷಕಾರನ ವಿರುದ್ಧ ಪ್ರತಿಕೂಲ ಊಹೆ. |
| ವಿವಾದಾಂಶ 2: ಅವಧಿ ಮತ್ತು ವಿಳಂಬ | | |
| ★ ಕೆ.ಎಸ್. ವಿದ್ಯಾನಾದಂ ವಿರುದ್ಧ ವೈರವನ್, (1997) 3 ಎಸ್‌ಸಿಸಿ 1, ಕಂಡಿಕೆ 10 | ಪುಟ 29–34 | ಕಾಲಮಿತಿಯೊಳಗೆ ದಾವೆ ಹೂಡಿದ್ದರೂ ಕರಾರಿನ ಅವಧಿಯನ್ನು ಕಡೆಗಣಿಸುವಂತಿಲ್ಲ. ಅಲ್ಲಿ ಸುಮಾರು ಎರಡೂವರೆ ವರ್ಷದ ಮೌನ. ಇಲ್ಲಿ ಅವಧಿ 14.09.2016ಕ್ಕೆ ಮುಗಿದಿದ್ದು, ಮೊದಲ ನೋಟಿಸು 22.04.2019ರದು. |
| ಶಾರದಾಮಣಿ ಕಂದಪ್ಪನ್ ವಿರುದ್ಧ ಎಸ್. ರಾಜಲಕ್ಷ್ಮಿ, (2011) 12 ಎಸ್‌ಸಿಸಿ 18 | ಪುಟ 35 | ಜಮೀನಿನ ಬೆಲೆ ಏರುತ್ತಿರುವಾಗ ಅವಧಿಯ ಕುರಿತ ಹಳೆಯ ಧೋರಣೆ ಮರುಪರಿಶೀಲನೆಗೆ ಅರ್ಹ. |

ವಾದಿಯ ಪರ ಉಲ್ಲೇಖವಾದವು

ಚಾಂದ್ ರಾಣಿ ವಿರುದ್ಧ ಕಮಲ್ ರಾಣಿ, (1993) 1 ಎಸ್‌ಸಿಸಿ 519, ಪುಟ 37. ಸ್ಥಿರಾಸ್ತಿಯ ಕ್ರಯದಲ್ಲಿ ಅವಧಿಯೇ ಕರಾರಿನ ಸಾರವೆಂಬ ಊಹೆ ಇಲ್ಲವೆಂದ ಸಂವಿಧಾನ ಪೀಠದ ತೀರ್ಪು, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಗಿದ್ದಾಗಲೂ ಪಾಲನೆ ಸಮಂಜಸ ಕಾಲದೊಳಗೆ ಆಗಬೇಕೆಂದು, ಆ ಕಾಲವನ್ನು ಕರಾರಿನ ಷರತ್ತು, ಸ್ವತ್ತಿನ ಸ್ವರೂಪ ಮತ್ತು ಸಂದರ್ಭದಿಂದ ಅಳೆಯಬಹುದೆಂದು ಅದೇ ತೀರ್ಪು ಹೇಳಿದೆ.

ಸೈಯದ್ ದಸ್ತಗೀರ್ ವಿರುದ್ಧ ಟಿ.ಆರ್. ಗೋಪಾಲಕೃಷ್ಣ ಸೆಟ್ಟಿ, (1999) 6 ಎಸ್‌ಸಿಸಿ 337, ಪುಟ 14. ಸಿದ್ಧತೆಯ ಹೇಳಿಕೆಗೆ ಇಂಥದೇ ಪದ ಬೇಕಿಲ್ಲ ಎಂಬುದು ಅಲ್ಲಿನ ತತ್ವ. ನಮ್ಮ ಆಕ್ಷೇಪ ವಾದಪತ್ರದ ಪದಗಳಿಗಲ್ಲ, ಪುರಾವೆ ಇಲ್ಲದ್ದಕ್ಕೆ.

ತಿದ್ದುಪಡಿ

ಪುಟ 41ರಲ್ಲಿರುವ ಕಟ್ಟಾ ಸುಜಾತಾ ರೆಡ್ಡಿ ವಿರುದ್ಧ ಸಿದ್ದಂಶೆಟ್ಟಿ ಇನ್‌ಫ್ರಾ ಪ್ರಾಜೆಕ್ಟ್ಸ್, (2023) 1 ಎಸ್‌ಸಿಸಿ 355, ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ನವೆಂಬರ್ 2024ರಲ್ಲಿ ಪುನರ್ವಿಮರ್ಶೆಯಲ್ಲಿ ಹಿಂಪಡೆದಿದೆ. ಪ್ರತಿವಾದಿ ಅದನ್ನು ಅವಲಂಬಿಸುವುದಿಲ್ಲ. ಕಂಡಿಕೆ 58ನ್ನು ಕೈಬಿಟ್ಟಂತೆ ಓದಿಕೊಳ್ಳಬೇಕು.

ಪ್ರತಿವಾದಿಯ ಪರ ವಕೀಲರು