ಜೂನ್ ತಿಂಗಳ ಸೇವಾ ಸ್ಥಗಿತಕ್ಕೆ ಶೇ. 25ರ ಸೇವಾ ಕ್ರೆಡಿಟ್ ಕೋರಿ

ಹುಬ್ಬಳ್ಳಿ
ದಿನಾಂಕ: 9 ಜುಲೈ 2025

ಇವರಿಂದ:
ತಾಂತ್ರಿಕ ವಿಭಾಗದ ಮುಖ್ಯಸ್ಥರು,
ಔಷಧ ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶ ಸಂಸ್ಥೆ, ಹುಬ್ಬಳ್ಳಿ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಲೆಕ್ಕಪತ್ರ ವಿಭಾಗ,
ಕ್ಲೌಡ್ ಹೋಸ್ಟಿಂಗ್ ಸೇವೆ, ಬೆಂಗಳೂರು

ವಿಷಯ: ಸೇವಾ ಒಪ್ಪಂದದ ಕಲಂ 4.1ರ ಲಭ್ಯತೆಯ ಭರವಸೆ ಈಡೇರದ ಕಾರಣ ₹36,700 ಸೇವಾ ಕ್ರೆಡಿಟ್ ನೀಡುವ ಬಗ್ಗೆ.

ಉಲ್ಲೇಖ: 1) ದೂರು ಸಂಖ್ಯೆ 48213 ಮತ್ತು 48377. 2) ತಮ್ಮ ಇಮೇಲ್, ದಿನಾಂಕ 3 ಜುಲೈ 2025.

ಮಾನ್ಯರೇ,

ಜೂನ್ 12ರಂದು ನಡೆದ ಸ್ಥಗಿತವನ್ನು 295 ನಿಮಿಷಗಳೆಂದು ಒಪ್ಪಿ, ಜೂನ್ 23ರದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಶೇ. 10ರಷ್ಟು, ಅಂದರೆ ₹14,680 ಕ್ರೆಡಿಟ್ ನೀಡುವುದಾಗಿ ತಾವು ಉಲ್ಲೇಖ (2)ರಲ್ಲಿ ತಿಳಿಸಿದ್ದೀರಿ. ಒಪ್ಪಂದದ ಪ್ರಕಾರ ಈ ಎರಡೂ ನಿರ್ಧಾರಗಳು ಸರಿಯಲ್ಲವೆಂಬುದು ನಮ್ಮ ನಿಲುವು. ಕಲಂ 5.2ರಂತೆ ತಿಂಗಳು ಮುಗಿದ 30 ದಿನಗಳೊಳಗೆ ಈ ಕೋರಿಕೆಯನ್ನು ಸಲ್ಲಿಸುತ್ತಿದ್ದೇವೆ.

ಮೊದಲನೆಯದಾಗಿ, ಜೂನ್ 12ರ ಸಂಜೆ 4:10ಕ್ಕೆ ನಮ್ಮ ಡೇಟಾಬೇಸ್ ಸೇವೆ ನಿಂತಿತು. ರಾತ್ರಿ 9:05ಕ್ಕೆ ತಮ್ಮ ಸ್ಥಿತಿ ಪುಟದಲ್ಲಿ ಸಮಸ್ಯೆ ಬಗೆಹರಿದಿದೆ ಎಂದು ಪ್ರಕಟವಾಯಿತಾದರೂ, ಅಲ್ಲಿಂದ 9:52ರವರೆಗೆ ನಾವು ಕಳುಹಿಸಿದ ಪ್ರತಿಯೊಂದು ಸಂಪರ್ಕ ಕೋರಿಕೆಗೂ ಬಂದ ಉತ್ತರ ಇದೊಂದೇ:

```
FATAL:  the database system is starting up
```

ಡೇಟಾಬೇಸ್ ಚೇತರಿಸಿಕೊಳ್ಳುತ್ತಿರುವಾಗ ಬಳಕೆದಾರರನ್ನು ಒಳಗೆ ಬಿಡದೆ ಹಿಂದಕ್ಕೆ ಕಳುಹಿಸುವ ಸಂದೇಶವಿದು. ಒಂದು ನಿಮಿಷದುದ್ದಕ್ಕೂ ಬಂದ ಎಲ್ಲ ಸಂಪರ್ಕ ಕೋರಿಕೆಗಳು ವಿಫಲವಾದರೆ ಆ ನಿಮಿಷವನ್ನು ಅಲಭ್ಯವೆಂದು ಎಣಿಸಬೇಕೆಂದು ಕಲಂ 2.6 ಸ್ಪಷ್ಟವಾಗಿ ಹೇಳುತ್ತದೆ. ಸ್ಥಿತಿ ಪುಟದ ಪ್ರಕಟಣೆಯನ್ನು ಅದು ಅಳತೆಗೋಲಾಗಿ ಎಲ್ಲಿಯೂ ಹೇಳಿಲ್ಲ. ಸರ್ವರ್ ಯಂತ್ರ ಚಾಲನೆಗೆ ಬಂದಿದ್ದು, ಅದರೊಳಗಿನ ಡೇಟಾಬೇಸ್ ಇನ್ನೂ ಬಾಗಿಲು ತೆರೆಯದಿದ್ದರೆ ಸೇವೆ ಲಭ್ಯವಾಯಿತೆಂದು ಹೇಳಲಾಗದು. ಆದ್ದರಿಂದ ಈ 47 ನಿಮಿಷಗಳೂ ಸೇರಿ ಅಂದಿನ ಸ್ಥಗಿತ 342 ನಿಮಿಷ.

ಅಂದು ಸಂಜೆ ನಮ್ಮ ಗ್ರಾಹಕ ಅಂಗಡಿಗಳವರು ಪ್ರತಿ ಔಷಧದ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳನ್ನು ಕೈಬಿಲ್ಲಿನಲ್ಲಿ ಬರೆದು ಮಾರಿ, ಮರುದಿನ ಅವೆಲ್ಲವನ್ನೂ ಮತ್ತೆ ದಾಖಲಿಸಬೇಕಾಯಿತು. ಇದರಿಂದಾದ ನಷ್ಟಕ್ಕೆ ನಾವು ಪ್ರತ್ಯೇಕ ಪರಿಹಾರ ಕೇಳುತ್ತಿಲ್ಲ. ಸೇವಾ ಕ್ರೆಡಿಟ್ಟೇ ಏಕೈಕ ಪರಿಹಾರವೆಂಬ ಕಲಂ 4.7ಕ್ಕೆ ಸಹಿ ಹಾಕಿದ್ದೇವೆ. ಹಾಗಿರುವಾಗ ಆ ಏಕೈಕ ಪರಿಹಾರವಾದರೂ ಪೂರ್ಣವಾಗಿ ಸಿಗಬೇಕೆಂಬುದೇ ನಮ್ಮ ಕೋರಿಕೆ.

ಎರಡನೆಯದಾಗಿ, ಜೂನ್ 23ರ ಬೆಳಿಗ್ಗೆ 10:20ರಿಂದ ಮಧ್ಯಾಹ್ನ 12:18ರವರೆಗಿನ 118 ನಿಮಿಷಗಳನ್ನು ತಾವು ಯೋಜಿತ ನಿರ್ವಹಣೆಯೆಂದು ಕೈಬಿಟ್ಟಿದ್ದೀರಿ. ಕಲಂ 4.5ರ ವಿನಾಯಿತಿ ಅನ್ವಯಿಸಬೇಕಾದರೆ ಕನಿಷ್ಠ 72 ಗಂಟೆ ಮೊದಲು ಇಮೇಲ್ ಮೂಲಕ ಸೂಚನೆ ಬಂದಿರಬೇಕು. ತಮ್ಮ ಸೂಚನೆ ನಮಗೆ ತಲುಪಿದ್ದು ಅದೇ ದಿನ ಬೆಳಿಗ್ಗೆ 9:48ಕ್ಕೆ, ಕೆಲಸ ಆರಂಭವಾಗುವ 32 ನಿಮಿಷ ಮೊದಲು. ಮೂರು ದಿನ ಮುಂಚೆ ತಿಳಿದಿದ್ದರೆ ಅಂಗಡಿಗಳಿಗೆ ಹೇಳಿ, ವಹಿವಾಟು ಕಡಿಮೆಯಿರುವ ಹೊತ್ತನ್ನು ತಮ್ಮೊಂದಿಗೆ ಚರ್ಚಿಸಿ ಗೊತ್ತುಮಾಡಿಕೊಳ್ಳುತ್ತಿದ್ದೆವು. ನೆಟ್‌ವರ್ಕ್ ಉಪಕರಣ ಬದಲಿಸುವುದು ಅಗತ್ಯವಾಗಿತ್ತೆಂಬುದನ್ನು ನಾವು ಪ್ರಶ್ನಿಸುತ್ತಿಲ್ಲ, ಆದರೆ ಸೂಚನೆಯ ಷರತ್ತು ಪಾಲನೆಯಾಗದ ಕೆಲಸಕ್ಕೆ ಆ ವಿನಾಯಿತಿ ದೊರೆಯದು.

ಹೀಗೆ ಒಟ್ಟು ಸ್ಥಗಿತ 460 ನಿಮಿಷ. ಜೂನ್ ತಿಂಗಳ 30 ದಿನಗಳಲ್ಲಿ 43,200 ನಿಮಿಷಗಳಿದ್ದು, ಲಭ್ಯತೆ ಹೀಗಾಗುತ್ತದೆ:

```
(43200 - 460) / 43200 × 100 = 98.94
```

ಭರವಸೆ ನೀಡಿದ್ದ ಶೇ. 99.9ರ ಪ್ರಕಾರ ತಿಂಗಳಿಗೆ 43.2 ನಿಮಿಷಕ್ಕಿಂತ ಹೆಚ್ಚು ಸೇವೆ ನಿಲ್ಲುವಂತಿರಲಿಲ್ಲ. ಲಭ್ಯತೆ ಶೇ. 99.0ಕ್ಕಿಂತ ಕೆಳಗಿಳಿದರೆ ಬಾಧಿತ ಸೇವೆಯ ಮಾಸಿಕ ಶುಲ್ಕದ ಶೇ. 25ರಷ್ಟು ಕ್ರೆಡಿಟ್ ಸಲ್ಲಬೇಕೆಂದು ಕಲಂ 4.3 ಹೇಳುತ್ತದೆ. ಬೆಂಬಲ ಸೇವೆಯ ಶುಲ್ಕ ಹಾಗೂ ಜಿಎಸ್‌ಟಿ ಹೊರತುಪಡಿಸಿ ನಮ್ಮ ಜೂನ್ ಶುಲ್ಕ ₹1,46,800; ಅದರ ಶೇ. 25 ಎಂದರೆ ₹36,700. ಜೂನ್ 18ರಂದು ನಾವೇ ತಂತ್ರಾಂಶದ ಹೊಸ ಆವೃತ್ತಿ ಅಳವಡಿಸುವಾಗ ಸೇವೆ ನಿಂತ 6 ನಿಮಿಷಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ನಿಮಿಷಕ್ಕೊಮ್ಮೆ ನಡೆಯುವ ನಮ್ಮ ಹೊರಗಿನ ತಪಾಸಣೆಯ ಲಾಗ್‌ಗಳು, ಡೇಟಾಬೇಸ್ ಸಂಪರ್ಕದ ಲಾಗ್‌ಗಳು ಮತ್ತು ಜೂನ್ 23ರ ತಮ್ಮ ಇಮೇಲ್‌ನ ಪೂರ್ಣ ಪ್ರತಿಯನ್ನು ಲಗತ್ತಿಸಿದ್ದೇವೆ. ತಮ್ಮ ದಾಖಲೆಗಳು ಯುಟಿಸಿ ಸಮಯದಲ್ಲಿರುವುದರಿಂದ ಹೋಲಿಕೆಗೆ ಅನುಕೂಲವಾಗಲೆಂದು ತಿಳಿಸುವುದೇನೆಂದರೆ, ಮೊದಲ ಸ್ಥಗಿತ 10:40ರಿಂದ 16:22ರವರೆಗೆ, ಎರಡನೆಯದು 04:50ರಿಂದ 06:48ರವರೆಗೆ ಇತ್ತು.

ಉಲ್ಲೇಖ (2)ರ ನಿರ್ಧಾರವನ್ನು ಮರುಪರಿಶೀಲಿಸಿ, ₹36,700 ಕ್ರೆಡಿಟ್ಟನ್ನು ಜುಲೈ ತಿಂಗಳ ಬಿಲ್ಲಿನಲ್ಲಿ ಹೊಂದಿಸಿ, ಜುಲೈ 23ರೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ನಮ್ಮ ಲೆಕ್ಕದ ಯಾವುದೇ ನಿಮಿಷವನ್ನು ತಾವು ಒಪ್ಪದಿದ್ದಲ್ಲಿ, ಆ ಅವಧಿಯ ತಮ್ಮ ಸಂಪರ್ಕ ಲಾಗನ್ನು ಉತ್ತರದೊಂದಿಗೆ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ತಾಂತ್ರಿಕ ವಿಭಾಗದ ಮುಖ್ಯಸ್ಥರು